ಪುಸ್ತಕದ ಮುಖಪುಟಕ್ಕೆ ಬ್ರೀಫ್ ಬರೆಯುವುದು ಹೇಗೆ: ಫ್ರೀಲ್ಯಾನ್ಸ್ ಡಿಸೈನರ್‌ಗೆ ಏನು ಹೇಳಬೇಕು, ಏನು ಬಿಡಬೇಕು

ಮುಖಪುಟ ಸರಿಯಾಗಿ ಬರಲಿಲ್ಲ ಎನ್ನುವವರು ಡಿಸೈನರ್‌ಗೆ ಬರೆದುಕೊಟ್ಟ ಬ್ರೀಫ್ ತರಿಸಿ ಓದಿದರೆ ಹೆಚ್ಚಾಗಿ ಎರಡೇ ಬಗೆ ಕಾಣುತ್ತದೆ. ಒಂದು, ನಾಲ್ಕು ಸಾಲಿನ ಮೆಸೇಜು: ‘ಸಸ್ಪೆನ್ಸ್ ಕಾದಂಬರಿ. ಆಕರ್ಷಕವಾಗಿ, ಡಿಫರೆಂಟ್ ಆಗಿ ಇರಲಿ. ಉಳಿದದ್ದು ನಿಮಗೇ ಬಿಟ್ಟಿದ್ದೇನೆ.’ ಇನ್ನೊಂದು, ಐದು ಪುಟದ ಕಥಾಸಾರ, ಕೊನೆಗೆ ‘ಎಡಗಡೆ ನಾಯಕಿ, ಬಲಗಡೆ ಮನೆ, ಮೇಲೆ ಚಂದ್ರ, ಕೆಳಗೆ ಬೀಗ’ ಎಂಬ ಆರ್ಡರು. ಮೊದಲನೆಯದನ್ನು ಓದಿದ ಡಿಸೈನರ್ ಎಲ್ಲವನ್ನೂ ಊಹಿಸಬೇಕು. ಎರಡನೆಯದರಲ್ಲಿ ಊಹಿಸಲು ಏನೂ ಉಳಿದಿಲ್ಲ, ಆದರೆ ಪುಸ್ತಕ ಯಾರ ಕೈಗೆ ಹೋಗಬೇಕು ಎಂಬ ಒಂದು ಸಾಲೂ ಅಲ್ಲಿಲ್ಲ.

ಡಿಸೈನರ್‌ಗೆ ಬೇಕಾಗಿರುವುದು ನೀವು ಮಾತ್ರ ಕೊಡಬಲ್ಲ ಉತ್ತರಗಳು. ಈ ಪುಸ್ತಕ ಯಾವ ಪುಸ್ತಕಗಳ ಪಕ್ಕ ಕೂರುತ್ತದೆ, ಯಾರು ಕೊಳ್ಳುತ್ತಾರೆ, ನೋಡಿದ ಕೂಡಲೇ ಏನನ್ನಿಸಬೇಕು, ಯಾವ ಅಳತೆಯ ಫೈಲ್ ಬೇಕು. ಚಿತ್ರ ಹೇಗಿರಬೇಕು ಎಂಬುದು ಇಷ್ಟರಿಂದ ಹೊರಡುತ್ತದೆ, ಅದು ಅವರ ಕೆಲಸ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂಡ್ ಮೊದಲು ಬರೆದು ಪ್ರಕಾರ ಆಮೇಲೆ ಬರೆದರೆ ಎರಡೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಪುಟಸಂಖ್ಯೆ ಗೊತ್ತಾಗುವ ಮೊದಲೇ ಪೂರ್ತಿ ಕವರ್ ಕೇಳಿದರೆ ಕೆಲಸ ಎರಡು ಸಲ ಆಗುತ್ತದೆ.

ಉದಾಹರಣೆಗೆ ಒಂದು ಕಾದಂಬರಿಯನ್ನು ಕಲ್ಪಿಸಿಕೊಳ್ಳೋಣ. ಹೆಸರು ‘ಎರಡನೇ ಬೀಗ’. ಒಬ್ಬಂಟಿಯಾಗಿರುವ ಮನೆಯೊಡತಿ. ಮಹಡಿಯ ಕೋಣೆಯ ಬಾಡಿಗೆದಾರ ಹೇಳದೆ ಕೇಳದೆ ಹೋಗಿಬಿಟ್ಟಿದ್ದಾನೆ. ಬಾಗಿಲು ತೆಗೆಸಿದರೆ ಒಳಗಡೆಯಿಂದ ಇನ್ನೊಂದು ಬೀಗ ಹಾಕುವ ಚಿಲಕ ಸಿಗುತ್ತದೆ. ಅದನ್ನು ಯಾರು, ಯಾಕೆ ಹಾಕಿಸಿದರು ಎಂಬುದೇ ಕಥೆ. ಕೊಲೆ, ರಕ್ತ ಏನೂ ಇಲ್ಲ. 240 ಪುಟ.

## ಹಂತ 1: ಬರೆಯಲು ಕೂರುವ ಮುಂಚೆ ಕೈಯಲ್ಲಿರಬೇಕಾದದ್ದು

ಇವು ಇಲ್ಲದಿದ್ದರೆ ಬ್ರೀಫ್ ಶುರು ಮಾಡಬೇಡಿ: ಅಂತಿಮವಾದ ಶೀರ್ಷಿಕೆ, ಉಪಶೀರ್ಷಿಕೆ ಇದ್ದರೆ ಅದು, ಲೇಖಕರ ಹೆಸರು ಮುದ್ರಣದಲ್ಲಿ ಹೇಗೆ ಬರಬೇಕೋ ಹಾಗೆ, ಪುಸ್ತಕದ ಅಳತೆ, ಮತ್ತು ಎಲ್ಲಿ ಅಚ್ಚಾಗುತ್ತದೆ ಎಂಬ ಮಾಹಿತಿ. ಮುದ್ರಕರ ಬಳಿ ಕವರ್ ಫೈಲಿನ ನಿಯಮಗಳ ಹಾಳೆ ಇದ್ದರೆ ಕೇಳಿ ತರಿಸಿಕೊಳ್ಳಿ.

ಶೀರ್ಷಿಕೆ ಅಂತಿಮವಾಗಿರಬೇಕು ಎಂದು ಒತ್ತಿ ಹೇಳಲು ಕಾರಣವಿದೆ. ಮುಖಪುಟದ ವಿನ್ಯಾಸ ಅಕ್ಷರಗಳ ಆಕಾರದ ಸುತ್ತ ಕಟ್ಟಿಕೊಳ್ಳುತ್ತದೆ. ‘ಎರಡನೇ ಬೀಗ’ ಎರಡು ಚಿಕ್ಕ ಪದ, ಎರಡು ಸಾಲಿಗೆ ದೊಡ್ಡದಾಗಿ ಕೂರುತ್ತದೆ. ಅದನ್ನು ಆಮೇಲೆ ‘ಮಹಡಿಯ ಮೇಲಿನ ಬಾಡಿಗೆದಾರ’ ಎಂದು ಬದಲಿಸಿದರೆ ಅಕ್ಷರ ಚಿಕ್ಕದಾಗುತ್ತದೆ, ಸಾಲು ಹೆಚ್ಚುತ್ತದೆ, ಚಿತ್ರದ ಜಾಗ ಹೋಗುತ್ತದೆ. ನಿಮಗೆ ಇದು ಹೆಸರು ಬದಲಿಸಿದಷ್ಟೇ ಅನ್ನಿಸಬಹುದು. ಡಿಸೈನರ್‌ಗೆ ಅದು ಹೊಸ ಮುಖಪುಟ.

ಬೆನ್ನುಡಿ ಸ್ವಲ್ಪ ತಡವಾದರೂ ನಡೆಯುತ್ತದೆ. ಆದರೆ ಎಷ್ಟು ಪದ ಬರಬಹುದು ಎಂದಾದರೂ ಹೇಳಿ. 120 ಪದಕ್ಕೂ 300 ಪದಕ್ಕೂ ಹಿಂಬದಿಯ ವಿನ್ಯಾಸ ಬೇರೆಯೇ.

## ಹಂತ 2: ಪ್ರಕಾರದ ಗುರುತುಗಳನ್ನು ಹುಡುಕಿ ತೆಗೆಯಿರಿ

‘ಸಸ್ಪೆನ್ಸ್’ ಎಂದು ಬರೆದರೆ ಡಿಸೈನರ್‌ಗೆ ಏನೂ ಹೇಳಿದಂತಾಗಲಿಲ್ಲ. ಪತ್ತೇದಾರಿ, ಭೂತದ ಕಥೆ, ರಾಜಕೀಯ ಥ್ರಿಲ್ಲರ್, ಮನೆಯೊಳಗೇ ನಡೆಯುವ ಮಾನಸಿಕ ಸಸ್ಪೆನ್ಸ್, ಎಲ್ಲವೂ ಆ ಒಂದೇ ಪದದ ಕೆಳಗೆ ಬರುತ್ತವೆ. ಅವುಗಳ ಮುಖಪುಟಗಳು ಮಾತ್ರ ಒಂದರಂತೆ ಒಂದಿಲ್ಲ.

ಹೀಗೆ ಮಾಡಿ. ನಿಮ್ಮ ಪುಸ್ತಕ ಓದುವವರು ಓದಿರಬಹುದಾದ, ಈಚಿನ ಎರಡು ಮೂರು ವರ್ಷಗಳಲ್ಲಿ ಬಂದ ಹತ್ತು ಹನ್ನೆರಡು ಪುಸ್ತಕಗಳ ಮುಖಪುಟ ಒಟ್ಟು ಮಾಡಿ. ನಿಮಗೆ ಇಷ್ಟವಾದವನ್ನೇ ಆರಿಸಬೇಡಿ, ಆ ಓದುಗರು ಕೊಳ್ಳುವಂಥವನ್ನು ಆರಿಸಿ. ಹಳೆಯ ಕ್ಲಾಸಿಕ್‌ಗಳನ್ನು ಬಿಡಿ. ಅವು ಮುಖಪುಟದಿಂದ ಮಾರಾಟವಾಗುವುದಿಲ್ಲ, ಹೆಸರಿನಿಂದ ಮಾರಾಟವಾಗುತ್ತವೆ. ಎಲ್ಲವನ್ನೂ ಒಂದೇ ಪುಟದಲ್ಲಿ ಸಾಲಾಗಿ, ಹೆಬ್ಬೆರಳುಗುರಿನಷ್ಟು ಚಿಕ್ಕದಾಗಿ ಇಟ್ಟು ನೋಡಿ. ದೊಡ್ಡದಾಗಿ ನೋಡಿದರೆ ಒಂದೊಂದರ ವಿಶೇಷ ಕಾಣುತ್ತದೆ, ಚಿಕ್ಕದಾಗಿಸಿದರೆ ಎಲ್ಲದರಲ್ಲೂ ಇರುವ ಸಾಮ್ಯ ಎದ್ದು ಬರುತ್ತದೆ. ನಮಗೆ ಬೇಕಿರುವುದು ಆ ಸಾಮ್ಯ.

ಈಗ ನಾಲ್ಕು ಪ್ರಶ್ನೆ ಕೇಳಿ. ಅಕ್ಷರ ಎಷ್ಟು ಜಾಗ ತಿಂದಿದೆ, ದಪ್ಪವೋ ತೆಳುವೋ? ಮನುಷ್ಯರು ಇದ್ದಾರಾ, ಇದ್ದರೆ ಮುಖ ಕಾಣುತ್ತದಾ? ಬಣ್ಣ ಎಷ್ಟು, ತಂಪೋ ಬಿಸಿಯೋ? ಫೋಟೊವೋ, ಬಿಡಿಸಿದ ಚಿತ್ರವೋ, ಬರೀ ಅಕ್ಷರವೋ?

ನಮ್ಮ ಉದಾಹರಣೆಯ ಬಗೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹೀಗೆ: ಮುಖಪುಟದ ಅರ್ಧದಷ್ಟನ್ನು ಹಿಡಿಯುವ ದಪ್ಪ ಶೀರ್ಷಿಕೆ, ಮನೆಯದೇ ಒಂದು ಭಾಗ (ಕಿಟಕಿ, ಮೆಟ್ಟಿಲು, ಬಾಗಿಲು), ಮನುಷ್ಯರಿದ್ದರೆ ಬೆನ್ನು ಅಥವಾ ನೆರಳು ಮಾತ್ರ, ತಂಪಾದ ಗಾಢ ಬಣ್ಣದ ನಡುವೆ ಒಂದೇ ಒಂದು ಬೆಳಕಿನ ಚುಕ್ಕೆ. ಪ್ರೇಮಕಥೆಗಳಲ್ಲಿ ಇದು ಪೂರ್ತಿ ತಿರುಗುತ್ತದೆ. ಈಚೆಗೆ ಅಲ್ಲಿ ಬಿಡಿಸಿದ ಚಿತ್ರ, ಬಿಸಿ ಬಣ್ಣ, ಕೈಬರಹದಂಥ ಅಕ್ಷರ ಜಾಸ್ತಿ.

ಬ್ರೀಫಿನಲ್ಲಿ ಈ ಭಾಗಕ್ಕೆ ಮೂರು ಸಾಲು ಸಾಕು. ಯಾವ ಗುರುತುಗಳನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಮುರಿಯಬಹುದು ಎಂದು ಬರೆಯಿರಿ. ಮುರಿಯುವುದು ಒಂದನ್ನು ಮಾತ್ರ ಇಟ್ಟುಕೊಳ್ಳಿ. ಎಲ್ಲವನ್ನೂ ಮುರಿದರೆ ಓದುಗರಿಗೆ ಅದು ತಮ್ಮ ಬಗೆಯ ಪುಸ್ತಕ ಅಂತಲೇ ಗೊತ್ತಾಗುವುದಿಲ್ಲ. ‘ಡಿಫರೆಂಟ್ ಆಗಿರಲಿ’ ಎಂದಷ್ಟೇ ಬರೆದ ಬ್ರೀಫುಗಳು ಸೋಲುವುದು ಇಲ್ಲೇ.

ತಪ್ಪು ದಾರಿಯ ಸೂಚನೆ: ಒಟ್ಟು ಮಾಡಿದ ಹನ್ನೆರಡು ಮುಖಪುಟಗಳಲ್ಲಿ ಸಾಮ್ಯವೇ ಕಾಣುತ್ತಿಲ್ಲ ಎಂದರೆ ನೀವು ಎರಡು ಮೂರು ಪ್ರಕಾರಗಳನ್ನು ಬೆರೆಸಿದ್ದೀರಿ. ಡಿಸೈನರ್ ಬಳಿ ಹೋಗುವ ಮೊದಲು ಅದನ್ನು ಬಿಡಿಸಿಕೊಳ್ಳಿ. ಪುಸ್ತಕದೊಳಗೆ ಎರಡು ಪ್ರಕಾರ ಇರಬಹುದು, ಮುಖಪುಟ ಒಂದನ್ನು ಮುಂದೆ ಮಾಡಲೇಬೇಕು.

## ಹಂತ 3: ಓದುಗರು ಯಾರು, ಪುಸ್ತಕವನ್ನು ಎಲ್ಲಿ ನೋಡುತ್ತಾರೆ

‘18ರಿಂದ 60 ವರ್ಷದ ಎಲ್ಲರೂ’ ಎಂಬ ಸಾಲಿನಿಂದ ಯಾವ ಬಣ್ಣವನ್ನೂ ಆರಿಸಲಾಗದು. ವಯಸ್ಸಿಗಿಂತ ಆ ಓದುಗರು ಈಗಾಗಲೇ ಏನು ಓದುತ್ತಾರೆ, ಏನನ್ನು ಕಂಡರೆ ಪುಸ್ತಕ ಕೆಳಗಿಡುತ್ತಾರೆ ಎಂಬುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

‘ಎರಡನೇ ಬೀಗ’ಕ್ಕೆ ಹೀಗೆ ಬರೆಯಬಹುದು: ‘ಕುಟುಂಬದ ಕಥೆಗಳನ್ನು ಓದುವವರು, ನಡುವೆ ಒಮ್ಮೊಮ್ಮೆ ಸಸ್ಪೆನ್ಸ್ ಓದುತ್ತಾರೆ. ಹಿಂಸೆ ಇಷ್ಟವಿಲ್ಲ. ರಕ್ತ, ಚಾಕು, ಕಿರುಚುವ ಮುಖ ಕಂಡರೆ ಮುಟ್ಟುವುದಿಲ್ಲ.’ ಈ ಮೂರು ಸಾಲಿನಿಂದ ಡಿಸೈನರ್‌ಗೆ ಕೆಂಪು ಬಣ್ಣ ಎಷ್ಟು ಬಳಸಬಹುದು ಎಂಬುದೂ ಗೊತ್ತಾಯಿತು, ಅಲ್ವಾ?

ಎಲ್ಲಿ ನೋಡುತ್ತಾರೆ ಎಂಬುದನ್ನೂ ಬರೆಯಿರಿ. ಆನ್‌ಲೈನ್ ಅಂಗಡಿಯ ಹುಡುಕಾಟದಲ್ಲಿ ಮುಖಪುಟ ಫೋನಿನ ಮೇಲೆ ಹೆಬ್ಬೆರಳಿನಷ್ಟೇ ಕಾಣುತ್ತದೆ. ಅಲ್ಲಿ ಸಣ್ಣ ಅಕ್ಷರ, ನವಿರು ರೇಖೆ ಯಾವುದೂ ಉಳಿಯುವುದಿಲ್ಲ. ಮೇಜಿನ ಮೇಲೆ, ಕೈಗೆ ಸಿಗುವ ಪುಸ್ತಕಕ್ಕೆ ವಿವರ ಹೆಚ್ಚಿದ್ದರೂ ನಡೆಯುತ್ತದೆ. ಎರಡೂ ಕಡೆ ಮಾರುವವರು ಯಾವುದು ಮುಖ್ಯ ಎಂದು ಹೇಳಲೇಬೇಕು.

## ಹಂತ 4: ಮೂಡ್ ಬರೆಯುವುದು

ಹೆಚ್ಚಿನ ಬ್ರೀಫುಗಳು ಎಡವುವ ಜಾಗ ಇದು. ‘ನಿಗೂಢ’, ‘ಭಾವನಾತ್ಮಕ’, ‘ಪವರ್‌ಫುಲ್’ ಎಂದು ಬರೆದರೆ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಚಿತ್ರ ಬರುತ್ತದೆ. ನಿಗೂಢ ಎಂದಾಗ ಒಬ್ಬರಿಗೆ ಮಂಜು ಮುಸುಕಿದ ಕಾಡು, ಇನ್ನೊಬ್ಬರಿಗೆ ಅರ್ಧ ತೆರೆದ ಬಾಗಿಲು.

ಪದಕ್ಕೆ ಅಂಚು ಹಾಕಿ. ‘ಇದು ಹೌದು, ಆದರೆ ಅಷ್ಟು ದೂರ ಬೇಡ’ ಎಂಬಂತೆ ಜೋಡಿಯಾಗಿ ಬರೆಯಿರಿ:

> ಕಸಿವಿಸಿ ಆಗಬೇಕು, ಹೆದರಿಕೆ ಆಗಬಾರದು.
> ಒಂಟಿತನ ಕಾಣಬೇಕು, ಅಳು ಬರಿಸಬಾರದು.
> ಮನೆ ಪರಿಚಿತವಾಗಿರಬೇಕು, ಹಾಳುಬಿದ್ದಂತೆ ಕಾಣಬಾರದು.

ಮೂರನೆಯ ಸಾಲು ನೋಡಿ. ಅದು ಇಲ್ಲದಿದ್ದರೆ ಡಿಸೈನರ್ ಬಿರುಕುಬಿಟ್ಟ ಗೋಡೆ, ಜೇಡರ ಬಲೆ ಹಾಕಿ ಕಳಿಸುವ ಸಾಧ್ಯತೆ ಜಾಸ್ತಿ. ಆಗ ಪುಸ್ತಕ ಭೂತದ ಕಥೆಯಂತೆ ಕಾಣುತ್ತದೆ, ಭೂತ ಹುಡುಕಿಕೊಂಡು ಬಂದ ಓದುಗರು ಬೇಸರದಿಂದ ಹೋಗುತ್ತಾರೆ. ಬೇಕಾದ ಓದುಗರು ಪುಸ್ತಕದ ಹತ್ತಿರವೇ ಬರುವುದಿಲ್ಲ.

ಇನ್ನೊಂದು ವಿಷಯ. ಮೂಡ್ ಅನ್ನು ಕಥೆಯ ಮೊದಲ ಕಾಲು ಭಾಗದಿಂದ ತೆಗೆಯಿರಿ. ಬರೆದವರಿಗೆ ಸಹಜವಾಗಿ ಕೊನೆಯ ಭಾಗ ಪ್ರಿಯ, ಅಲ್ಲಿನ ಬಿಡುಗಡೆಯೋ ದುಃಖವೋ ಮುಖಪುಟದಲ್ಲಿ ಬರಲಿ ಎನ್ನಿಸುತ್ತದೆ. ಆದರೆ ಕೊಳ್ಳುವವರು ಇನ್ನೂ ಅಲ್ಲಿಗೆ ಬಂದಿಲ್ಲ. ಅವರನ್ನು ಒಳಗೆ ಕರೆಯಬೇಕಾದದ್ದು ಕಥೆ ಶುರುವಾಗುವಾಗಿನ ಭಾವ. ಕೊನೆಯ ಗುಟ್ಟು ಚಿತ್ರದಲ್ಲಿ ಸೋರಿಹೋಗುವ ಅಪಾಯವೂ ಇದರಿಂದ ತಪ್ಪುತ್ತದೆ.

ಜೊತೆಗೆ ಉಲ್ಲೇಖದ ಚಿತ್ರಗಳನ್ನು ಕೊಡಿ. ಬೇಕು ಎನ್ನುವವು ಮೂರು, ಬೇಡ ಎನ್ನುವವು ಎರಡು. ಪ್ರತಿಯೊಂದರ ಕೆಳಗೆ ಒಂದು ಸಾಲು ಕಾರಣ ಇರಲೇಬೇಕು. ‘ಈ ಕವರ್ ಇಷ್ಟ’ ಎಂದು ಸುಮ್ನೆ ಕಳಿಸಿದರೆ ನಿಮಗೆ ಇಷ್ಟವಾದದ್ದು ಬಣ್ಣವೋ, ಅಕ್ಷರವೋ, ಖಾಲಿ ಜಾಗವೋ ಯಾರಿಗೆ ಗೊತ್ತು? ‘ಬೆಳಕು ಬಾಗಿಲ ಸಂದಿಯಿಂದ ಮಾತ್ರ ಬರುತ್ತಿದೆ, ಅದು ಇಷ್ಟ. ಅಕ್ಷರ ಇಷ್ಟವಿಲ್ಲ’ ಎಂದು ಬರೆದರೆ ಕೆಲಸಕ್ಕೆ ಬರುತ್ತದೆ. ಬೇಡದ ಚಿತ್ರಗಳು ಬೇಕಾದವುಗಳಿಗಿಂತ ಹೆಚ್ಚು ಹೇಳುತ್ತವೆ, ದಯವಿಟ್ಟು ಅವನ್ನು ಬಿಟ್ಟುಬಿಡಬೇಡಿ.

## ಹಂತ 5: ದೃಶ್ಯ ಹೇಳಬೇಡಿ, ವಸ್ತುಗಳನ್ನು ಕೊಡಿ

ಡಿಸೈನರ್ ನಿಮ್ಮ ಕಾದಂಬರಿ ಪೂರ್ತಿ ಓದುತ್ತಾರೆ ಎಂದು ಎಣಿಸಬೇಡಿ. ಕೆಲವರು ಓದುತ್ತಾರೆ, ಹೆಚ್ಚಿನವರಿಗೆ ಸಮಯವಿರುವುದಿಲ್ಲ. ಆದ್ದರಿಂದ 150 ಪದದೊಳಗೆ ಕಥೆಯ ಆರಂಭ ಹೇಳಿ, ಅದರ ಕೆಳಗೆ ಕಥೆಯಲ್ಲಿ ಮತ್ತೆ ಮತ್ತೆ ಬರುವ ಐದಾರು ವಸ್ತುಗಳನ್ನೂ ಜಾಗಗಳನ್ನೂ ಪಟ್ಟಿ ಮಾಡಿ.

ಪಟ್ಟಿಯಲ್ಲಿ ವಿವರ ಇರಬೇಕು. ‘ಬೀಗ’ ಎಂದಷ್ಟೇ ಬರೆದರೆ ಸಿದ್ಧ ಚಿತ್ರಗಳನ್ನು ಮಾರುವ ಸೈಟಿನಿಂದ ಕೋಟೆಬಾಗಿಲಿನ ದೊಡ್ಡ ತುಕ್ಕುಹಿಡಿದ ಬೀಗ ಬಂದು ಕೂರುತ್ತದೆ. ಹೀಗೆ ಬರೆಯಿರಿ: ‘ಅಂಗೈಗಿಂತ ಚಿಕ್ಕ ಹಿತ್ತಾಳೆಯ ಬೀಗ. ಹೊಸದು, ಹೊಳೆಯುತ್ತದೆ. ಹಳೇ ಮರದ ಬಾಗಿಲಿಗೆ ಅದು ಹೊಂದುವುದಿಲ್ಲ, ಚಿಲಕದ ಸ್ಕ್ರೂಗಳ ಸುತ್ತ ಹಸಿ ಮರ ಕಾಣುತ್ತದೆ.’ ಹಳೇ ಬಾಗಿಲು, ಹೊಸ ಬೀಗ, ಹಸಿ ಮರ. ಇಲ್ಲಿಂದ ಡಿಸೈನರ್ ಒಂದು ಮುಖಪುಟ ಹುಡುಕಬಲ್ಲರು, ಅದು ನೀವು ಊಹಿಸಿದ ಚಂದ್ರ ಮತ್ತು ಮನೆಯ ಚಿತ್ರಕ್ಕಿಂತ ಚೆನ್ನಾಗಿರುವ ಸಾಧ್ಯತೆಯೇ ಹೆಚ್ಚು.

ಬರಲೇಬಾರದ್ದನ್ನೂ ಬರೆಯಿರಿ. ‘ಬಾಡಿಗೆದಾರನ ಮುಖ ಬೇಡ, ಕಥೆಯಲ್ಲಿ ಅವನು ಎಲ್ಲೂ ಕಾಣಿಸುವುದಿಲ್ಲ. ಕೀಲಿಕೈ ಬೇಡ, ಅದು ಕೊನೆಯ ಗುಟ್ಟು.’ ಈ ಎರಡನೆಯ ಸಾಲು ಇಲ್ಲದಿದ್ದರೆ, ಬೀಗದ ಪುಸ್ತಕ ಎಂದ ಮೇಲೆ ಡಿಸೈನರ್ ಮೊದಲು ಕೈಹಾಕುವುದು ಕೀಲಿಕೈಗೇ.

ಬರಲೇಬೇಕಾದ ವಸ್ತು ಒಂದಕ್ಕಿಂತ ಹೆಚ್ಚು ಬೇಡ. ಒಂದೂ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

## ಹಂತ 6: ಮುಖಪುಟದ ಅಕ್ಷರಗಳು

ಮುಖಪುಟ, ಬೆನ್ನು, ಹಿಂಬದಿ, ಮೂರಕ್ಕೂ ಯಾವ ಯಾವ ಪಠ್ಯ ಬರಬೇಕು ಎಂದು ಬೇರೆ ಬೇರೆಯಾಗಿ ಬರೆಯಿರಿ. ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬ ಕ್ರಮವೂ ಇರಲಿ. ಎಲ್ಲವೂ ಮುಖ್ಯ ಎಂದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ.

ಪಠ್ಯವನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಫೈಲಾಗಿ ಕೊಡಿ, ಜೊತೆಗೆ ಅದರದೇ ಪಿಡಿಎಫ್ ಕೂಡ ಕೊಡಿ. ಕನ್ನಡ ಅಕ್ಷರಗಳು ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಒಡೆಯುವುದುಂಟು. ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲಿ ನಿಲ್ಲುತ್ತದೆ, ಅರ್ಕಾವತ್ತು ತಪ್ಪು ಜಾಗಕ್ಕೆ ಹಾರುತ್ತದೆ. ಕನ್ನಡ ಓದಲು ಬಾರದ ಡಿಸೈನರ್‌ಗೆ ಅದು ಗೊತ್ತಾಗುವುದೇ ಇಲ್ಲ. ಪಿಡಿಎಫ್ ಇದ್ದರೆ ಹೋಲಿಸಿ ನೋಡಬಹುದು. ಇನ್‌ಡಿಸೈನ್ ಬಳಸುವವರಾದರೆ ಪ್ಯಾರಾಗ್ರಾಫ್ ಪ್ಯಾನೆಲಿನ ಮೆನುವಿನಲ್ಲಿ `Adobe World-Ready Paragraph Composer` ಆರಿಸಬೇಕು ಎಂದು ಬ್ರೀಫಿನಲ್ಲೇ ಬರೆಯಿರಿ, ಹೆಚ್ಚಿನ ಸಲ ಅಲ್ಲಿಗೆ ಸಮಸ್ಯೆ ಮುಗಿಯುತ್ತದೆ.

ಒತ್ತಕ್ಷರ ಇರುವ ಶೀರ್ಷಿಕೆಗೆ ಸಾಲುಗಳ ನಡುವೆ ಜಾಸ್ತಿ ಜಾಗ ಬೇಕು. ಇಂಗ್ಲಿಷ್ ಮುಖಪುಟವೊಂದನ್ನು ತೋರಿಸಿ ‘ಹೀಗೇ ಒತ್ತೊತ್ತಾಗಿ ಬರಲಿ’ ಎಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

## ಹಂತ 7: ಫೈಲಿನ ಅಳತೆ ಮತ್ತು ಬಗೆ

ಈ ಭಾಗವನ್ನು ‘ಹೈ ರೆಸಲ್ಯೂಷನ್ ಫೈಲ್ ಕೊಡಿ’ ಎಂದು ಒಂದೇ ಸಾಲಿನಲ್ಲಿ ಮುಗಿಸುವವರು ಬಹಳ. ಇ-ಪುಸ್ತಕಕ್ಕೂ ಮುದ್ರಣಕ್ಕೂ ಬೇಕಾದದ್ದು ಬೇರೆ ಬೇರೆ. ಎರಡನ್ನೂ ಮೊದಲೇ ಕೇಳಿ.

ಇ-ಪುಸ್ತಕ. ಮುಂಭಾಗ ಮಾತ್ರ ಸಾಕು. ಲೇಖಕರೇ ಪುಸ್ತಕ ಪ್ರಕಟಿಸಲು ಬಳಸುವ ಅಮೆಜಾನ್ ಸೇವೆ ಕೆಡಿಪಿ ಸೂಚಿಸುವ ಅಳತೆ 1600 ಪಿಕ್ಸೆಲ್ ಅಗಲ, 2560 ಪಿಕ್ಸೆಲ್ ಎತ್ತರ. ಜೆಪೆಗ್ ಫೈಲ್, ಆರ್‌ಜಿಬಿ ಬಣ್ಣ. ಮುಖಪುಟದ ಹಿನ್ನೆಲೆ ಬಿಳಿ ಎಂದಾದರೆ ಸುತ್ತ ತೆಳು ಬೂದು ಗೆರೆ ಕೇಳಿ, ಇಲ್ಲದಿದ್ದರೆ ಅಂಗಡಿಯ ಬಿಳಿ ಪುಟದಲ್ಲಿ ಅಂಚೇ ಕಾಣುವುದಿಲ್ಲ.

ಮುದ್ರಣ. ಹಿಂಬದಿ, ಬೆನ್ನು, ಮುಂಭಾಗ ಮೂರೂ ಸೇರಿ ಒಂದೇ ಹಾಳೆ, ಒಂದೇ ಪಿಡಿಎಫ್. ಚಿತ್ರಗಳು ಅಚ್ಚಿನ ಅಳತೆಯಲ್ಲಿ 300 ಡಿಪಿಐ, ಅಂದರೆ ಇಂಚಿಗೆ 300 ಪಿಕ್ಸೆಲ್ ಇರಬೇಕು. ಫೋನಿನ ಮೆಸೇಜಿನಲ್ಲಿ ಬಂದ 1080 ಪಿಕ್ಸೆಲ್ ಅಗಲದ ಫೋಟೊ ಈ ಲೆಕ್ಕದಲ್ಲಿ 3.6 ಇಂಚಿಗಷ್ಟೇ ಸಾಲುತ್ತದೆ. 5.5 ಇಂಚಿನ ಮುಖಪುಟಕ್ಕೆ ಎಳೆದರೆ ಮಸುಕಾಗುತ್ತದೆ. ನೀವೇ ಫೋಟೊ ಕೊಡುವುದಾದರೆ ಮೂಲ ಫೈಲನ್ನೇ ಕೊಡಿ.

ಹಾಳೆಯ ಸುತ್ತ ಕತ್ತರಿಸಿ ಹೋಗುವ ಹೆಚ್ಚುವರಿ ಅಂಚನ್ನು ಬ್ಲೀಡ್ ಎನ್ನುತ್ತಾರೆ. ಇದು ಸಾಮಾನ್ಯವಾಗಿ 3 ಮಿಲಿಮೀಟರ್, ಕೆಡಿಪಿಯಲ್ಲಿ 0.125 ಇಂಚು. ಹಿನ್ನೆಲೆಯ ಬಣ್ಣ, ಚಿತ್ರ ಅಲ್ಲಿಯವರೆಗೂ ಹೋಗಬೇಕು. ಅಕ್ಷರಗಳು ಮಾತ್ರ ಕತ್ತರಿಸುವ ಗೆರೆಯಿಂದ ಒಳಕ್ಕೇ ಇರಬೇಕು.

ಬೆನ್ನಿನ ಅಗಲವೇ ಎಲ್ಲರಿಗೂ ತಲೆನೋವು. ಅದು ಪುಟಸಂಖ್ಯೆಯನ್ನೂ ಕಾಗದದ ದಪ್ಪವನ್ನೂ ಅವಲಂಬಿಸಿದೆ. ಕೆಡಿಪಿಯಲ್ಲಿ ಕಪ್ಪು ಅಚ್ಚಿನ ಪುಸ್ತಕಕ್ಕೆ ಕ್ರೀಮ್ ಕಾಗದವಾದರೆ ಪುಟಕ್ಕೆ 0.0025 ಇಂಚು, ಬಿಳಿ ಕಾಗದವಾದರೆ 0.002252 ಇಂಚು. ‘ಎರಡನೇ ಬೀಗ’ 240 ಪುಟ, ಅಳತೆ 5.5 × 8.5 ಇಂಚು, ಕ್ರೀಮ್ ಕಾಗದ ಎಂದುಕೊಂಡರೆ:

```
ಬೆನ್ನು   = 240 × 0.0025 = 0.6 ಇಂಚು
ಅಗಲ   = 0.125 + 5.5 + 0.6 + 5.5 + 0.125 = 11.85 ಇಂಚು
ಎತ್ತರ   = 0.125 + 8.5 + 0.125 = 8.75 ಇಂಚು
```

ಕೊನೆಯ ಗಳಿಗೆಯಲ್ಲಿ ಅಕ್ಷರ ಚಿಕ್ಕದು ಮಾಡಿ 200 ಪುಟಕ್ಕೆ ಇಳಿಸಿದಿರಿ ಅನ್ನಿ. ಬೆನ್ನು 0.5 ಇಂಚಿಗೆ ಬರುತ್ತದೆ, ಅಂದರೆ ಎರಡೂವರೆ ಮಿಲಿಮೀಟರ್ ಕಡಿಮೆ. ಹಳೆಯ ಫೈಲನ್ನೇ ಕೊಟ್ಟರೆ ಬೆನ್ನಿನ ಬಣ್ಣ ಮುಂಭಾಗಕ್ಕೆ ಪಟ್ಟಿಯಂತೆ ಇಣುಕುತ್ತದೆ. ಹಾಗಾಗಿ ಬ್ರೀಫಿನಲ್ಲಿ ‘ಪುಟಸಂಖ್ಯೆ ಅಂದಾಜು 240, ಒಳಪುಟ ಅಂತಿಮವಾದ ಮೇಲೆ ಬೆನ್ನನ್ನು ಒಮ್ಮೆ ಸರಿಪಡಿಸಿಕೊಡಬೇಕು’ ಎಂದು ಮೊದಲೇ ಬರೆದಿಡಿ. ಮುಂಭಾಗದ ಕೆಲಸ ಅಂದಾಜಿನ ಮೇಲೆ ನಡೆಯಬಹುದು. ಬೇರೆ ಮುದ್ರಕರಾದರೆ ಮೇಲಿನ ಅಂಕಿ ಬಳಸಬೇಡಿ, ಅವರ ಕಾಗದಕ್ಕೆ ಬೆನ್ನು ಎಷ್ಟು ಎಂದು ಅವರನ್ನೇ ಕೇಳಿ. ತೀರ ತೆಳು ಪುಸ್ತಕದ ಬೆನ್ನಿನ ಮೇಲೆ ಅಕ್ಷರ ಕೂರುವುದೂ ಇಲ್ಲ. ಕೆಡಿಪಿಯಲ್ಲಿ ಅದಕ್ಕೆ ಕನಿಷ್ಠ 79 ಪುಟ ಬೇಕು.

ಎರಡು ಅಳತೆಗಳ ಆಕಾರವೂ ಒಂದೇ ಅಲ್ಲ. 5.5 × 8.5 ಇಂಚಿನ ಮುಂಭಾಗ 300 ಡಿಪಿಐನಲ್ಲಿ 1650 × 2550 ಪಿಕ್ಸೆಲ್. ಇ-ಪುಸ್ತಕದ 1600 × 2560 ಅದಕ್ಕಿಂತ ತುಸು ಉದ್ದ, ತುಸು ಕಿರಿದು. ಮುದ್ರಣದ ಚಿತ್ರವನ್ನು ಎಳೆದು ಹೊಂದಿಸಿದರೆ ಅಕ್ಷರ ಸೊರಗಿದಂತೆ ಕಾಣುತ್ತದೆ. ಡಿಸೈನರ್ ಅದನ್ನು ಬೇರೆಯಾಗಿಯೇ ಜೋಡಿಸಿಕೊಡಬೇಕು, ಆದ್ದರಿಂದ ಎರಡೂ ಬೇಕೆಂದು ಮೊದಲ ದಿನವೇ ಹೇಳಿ.

ಬಾರ್‌ಕೋಡಿಗೆ ಜಾಗ ಬಿಡಿಸಿ. ಕೆಡಿಪಿ ಹಿಂಬದಿಯ ಕೆಳಗೆ ಬಲಗಡೆ 2 × 1.2 ಇಂಚು ಜಾಗವನ್ನು ತಾನೇ ತೆಗೆದುಕೊಳ್ಳುತ್ತದೆ, ಅಲ್ಲಿ ಪಠ್ಯ ಇದ್ದರೆ ಮುಚ್ಚಿಹೋಗುತ್ತದೆ. ಬಾರ್‌ಕೋಡನ್ನು ನೀವೇ ಕೊಡುವುದಾದರೆ ಬಿಳಿಯ ಮೇಲೆ ಕಪ್ಪು ಗೆರೆಗಳೇ ಇರಲಿ. ಚೆಂದಕ್ಕೆಂದು ಗಾಢ ಹಿನ್ನೆಲೆಯ ಮೇಲೆ ತಿಳಿ ಗೆರೆ ಮಾಡಿದರೆ ಸ್ಕ್ಯಾನರ್ ಓದುವುದಿಲ್ಲ.

ಬಣ್ಣದ ಬಗ್ಗೆ ಒಂದೇ ಮಾತು. ಪರದೆಯ ಮೇಲೆ ಹೊಳೆಯುವ ನೀಲಿ, ಹಸಿರು ಅಚ್ಚಿನ ಸಿಎಂವೈಕೆ ಶಾಯಿಯಲ್ಲಿ ಮಂಕಾಗುತ್ತವೆ. ಗಾಢ ಬಣ್ಣದ ಮುಖಪುಟದಲ್ಲಿ ಇದು ಇನ್ನೂ ಜಾಸ್ತಿ, ನೆರಳಿನ ವಿವರವೆಲ್ಲ ಕಪ್ಪಾಗಿಬಿಡುತ್ತದೆ. ಮುದ್ರಕರು ಯಾವ ಬಗೆಯ ಪಿಡಿಎಫ್ ಕೇಳುತ್ತಾರೋ (ಹಲವರು `PDF/X-1a` ಕೇಳುತ್ತಾರೆ) ಅದನ್ನು ಹಾಗೇ ಬ್ರೀಫಿಗೆ ನಕಲು ಮಾಡಿ.

ಕೊನೆಗೆ, ಕೈಗೆ ಬರಬೇಕಾದ ಫೈಲುಗಳನ್ನು ಪಟ್ಟಿ ಮಾಡಿ: ಮುದ್ರಣದ ಪಿಡಿಎಫ್, ಇ-ಪುಸ್ತಕದ ಜೆಪೆಗ್, ಪದರಗಳು ಉಳಿದಿರುವ ಮೂಲ ಫೈಲ್ ಬೇಕೇ ಬೇಡವೇ. ಮೂಲ ಫೈಲನ್ನು ಎಲ್ಲರೂ ಕೊಡುವುದಿಲ್ಲ, ಕೆಲವರು ಅದಕ್ಕೆ ಬೇರೆ ಹಣ ಕೇಳುತ್ತಾರೆ. ಅದು ಅವರ ಹಕ್ಕು. ಕೆಲಸ ಮುಗಿದ ಮೇಲೆ ಕೇಳಿದರೆ ಇಬ್ಬರಿಗೂ ಮುಜುಗರ.

## ಹಂತ 8: ಪರವಾನಗಿ, ಸುತ್ತು, ಅಂತಿಮ ಮಾತು

ಇಲ್ಲಿ ಉದ್ದ ಬೇಡ, ಆದರೆ ನಾಲ್ಕು ಸಾಲು ಬೇಕೇ ಬೇಕು. ಬಳಸುವ ಫೋಟೊ, ಫಾಂಟ್ ಎರಡಕ್ಕೂ ಪುಸ್ತಕ ಮಾರಾಟಕ್ಕೆ ಬಳಸುವ ಪರವಾನಗಿ ಇರಬೇಕು, ಅದರ ಪ್ರತಿ ನಿಮಗೆ ಸಿಗಬೇಕು. ಹುಡುಕಾಟದಲ್ಲಿ ಸಿಕ್ಕ ಚಿತ್ರವನ್ನು ನೀವೂ ಕೊಡಬೇಡಿ, ಅವರಿಗೂ ಬಳಸಬೇಡಿ ಎಂದು ಬರೆಯಿರಿ. ಮೊದಲ ಸಲ ಎಷ್ಟು ಬೇರೆ ಬೇರೆ ಕಲ್ಪನೆ ಬರುತ್ತವೆ, ಆರಿಸಿದ್ದರ ಮೇಲೆ ಎಷ್ಟು ಸುತ್ತು ತಿದ್ದುಪಡಿ ಎಂದು ಒಪ್ಪಿಕೊಳ್ಳಿ. ಎರಡು ಮೂರು ಕಲ್ಪನೆ, ಎರಡು ಸುತ್ತು ಎಂಬುದು ಸಾಮಾನ್ಯ. ಅಕ್ಷರದ ಅಳತೆ, ಬಣ್ಣ ಬದಲಿಸುವುದು ತಿದ್ದುಪಡಿ. ಚಿತ್ರವೇ ಬೇರೆ ಬೇಕು ಎಂದರೆ ಅದು ಹೊಸ ಕಲ್ಪನೆ.

ಅಂತಿಮ ಮಾತು ಯಾರದು ಎಂದೂ ಬರೆಯಿರಿ. ಒಬ್ಬರ ಹೆಸರು ಮಾತ್ರ. ಲೇಖಕರು, ಪ್ರಕಾಶಕರು, ಸ್ನೇಹಿತರು ಮೂವರೂ ಬೇರೆ ಬೇರೆಯಾಗಿ ಅಭಿಪ್ರಾಯ ಕಳಿಸಿದರೆ ಡಿಸೈನರ್ ಎಲ್ಲರನ್ನೂ ಮೆಚ್ಚಿಸಲು ಹೋಗಿ ಮುಖಪುಟ ಕಲಸುಮೇಲೋಗರ ಆಗುತ್ತದೆ.

## ತುಂಬಿದ ಬ್ರೀಫ್ ಹೇಗಿರುತ್ತದೆ

ಉಲ್ಲೇಖದ ಚಿತ್ರ, ಬೆನ್ನುಡಿ ಬಿಟ್ಟು ಎಲ್ಲವೂ ಎರಡು ಪುಟದೊಳಗೆ ನಿಲ್ಲಬೇಕು. ನಮ್ಮ ಉದಾಹರಣೆಯ ತಿರುಳು ಇಷ್ಟು:

> ಪುಸ್ತಕ: ಎರಡನೇ ಬೀಗ. ಕಾದಂಬರಿ, ಅಂದಾಜು 240 ಪುಟ.
> ಪ್ರಕಾರ: ಮನೆಯೊಳಗೆ ನಡೆಯುವ ಮಾನಸಿಕ ಸಸ್ಪೆನ್ಸ್. ಪತ್ತೇದಾರಿ ಅಲ್ಲ, ಭೂತದ ಕಥೆ ಅಲ್ಲ.
> ಉಳಿಸಿಕೊಳ್ಳಬೇಕಾದ ಗುರುತು: ದೊಡ್ಡ ದಪ್ಪ ಶೀರ್ಷಿಕೆ, ಮನೆಯ ಒಂದು ಭಾಗ. ಮುರಿಯಬಹುದಾದದ್ದು: ಗಾಢ ನೀಲಿ. ಮಧ್ಯಾಹ್ನದ ಬಿಸಿಲಿನ ಬಣ್ಣ ಪ್ರಯತ್ನಿಸಬಹುದು.
> ಓದುಗರು: ಕುಟುಂಬದ ಕಥೆ ಓದುವವರು. ಹಿಂಸೆಯ ಸೂಚನೆ ಕಂಡರೆ ದೂರ ಹೋಗುತ್ತಾರೆ. ಹೆಚ್ಚಾಗಿ ಫೋನಿನಲ್ಲಿ ನೋಡುತ್ತಾರೆ.
> ಮೂಡ್: ಕಸಿವಿಸಿ, ಹೆದರಿಕೆಯಲ್ಲ. ಒಂಟಿತನ, ಅಳುವಲ್ಲ. ಪರಿಚಿತ ಮನೆ, ಹಾಳು ಮನೆಯಲ್ಲ.
> ವಸ್ತುಗಳು: ಹಳೇ ಬಾಗಿಲಿನ ಮೇಲೆ ಹೊಸ ಹಿತ್ತಾಳೆ ಬೀಗ, ಹಸಿ ಮರ ಕಾಣುವ ಚಿಲಕ, ಮಹಡಿಯ ಮೆಟ್ಟಿಲು, ಕಟ್ಟಿಟ್ಟ ಹಾಸಿಗೆ, ಕರೆಂಟ್ ಬಿಲ್ಲು. ಬೇಡ: ಬಾಡಿಗೆದಾರನ ಮುಖ, ಕೀಲಿಕೈ, ರಕ್ತ.
> ಅಕ್ಷರದ ಕ್ರಮ: ಶೀರ್ಷಿಕೆ, ಲೇಖಕರ ಹೆಸರು. ಮುಂಭಾಗದಲ್ಲಿ ಬೇರೇನೂ ಬೇಡ.
> ಫೈಲ್: ಮುದ್ರಣಕ್ಕೆ 11.85 × 8.75 ಇಂಚಿನ ಪಿಡಿಎಫ್, ಬೆನ್ನು 0.6 ಇಂಚು, ಪುಟಸಂಖ್ಯೆ ಅಂತಿಮವಾದಾಗ ಒಮ್ಮೆ ಸರಿಪಡಿಸಬೇಕು. ಇ-ಪುಸ್ತಕಕ್ಕೆ 1600 × 2560 ಜೆಪೆಗ್.

ಕರೆಂಟ್ ಬಿಲ್ಲು ಯಾಕೆ ಎಂದು ಕೇಳಬಹುದು. ಖಾಲಿ ಕೋಣೆಯಲ್ಲಿ ಕರೆಂಟು ಓಡುತ್ತಿದೆ ಎಂಬುದು ಮನೆಯೊಡತಿಗೆ ಅದರಿಂದಲೇ ಗೊತ್ತಾಗುತ್ತದೆ. ಡಿಸೈನರ್ ಅದನ್ನು ಬಳಸದೇ ಇರಬಹುದು. ಆದರೆ ಹೀಗೆ ಕಥೆಗೆ ಮಾತ್ರ ಸೇರಿದ ಒಂದು ವಸ್ತು ಪಟ್ಟಿಯಲ್ಲಿದ್ದರೆ ಎಲ್ಲ ಸಸ್ಪೆನ್ಸಿಗೂ ಒಗ್ಗುವ ಮುಖಪುಟ ಬರುವ ಅಪಾಯ ಕಡಿಮೆ.

## ಕಳಿಸಿದ ಮೇಲೆ: ಯಾವಾಗ ಎಚ್ಚರಾಗಬೇಕು

ಬ್ರೀಫ್ ಓದಿದ ಡಿಸೈನರ್ ಒಂದು ಪ್ರಶ್ನೆಯನ್ನೂ ಕೇಳದೆ ‘ಆಯ್ತು’ ಎಂದರೆ, ಅವರಿಗೆ ಅರ್ಥವಾದದ್ದನ್ನು ಎರಡು ಸಾಲಿನಲ್ಲಿ ಬರೆದು ಕಳಿಸಲು ಕೇಳಿ. ಕೆಲಸ ಶುರುವಾಗುವ ಮುಂಚೆ ತಪ್ಪು ಹಿಡಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಮೊದಲ ಕಲ್ಪನೆಗಳು ಬಂದಾಗ ದೊಡ್ಡದಾಗಿ ತೆರೆದು ನೋಡುವ ಮುನ್ನ, ಹಂತ 2ರಲ್ಲಿ ಮಾಡಿದ ಪುಟದಲ್ಲಿ ಆ ಹನ್ನೆರಡರ ನಡುವೆ ಇಡಿ. ಅದೇ ಅಳತೆಯಲ್ಲಿ. ಶೀರ್ಷಿಕೆ ಓದಲು ಬಾರದಿದ್ದರೆ ಅಕ್ಷರ ಚಿಕ್ಕದು. ಬೇರೆ ಅಂಗಡಿಯಿಂದ ಬಂದಂತೆ ಕಂಡರೆ ಪ್ರಕಾರದ ಗುರುತು ತಪ್ಪಿದೆ. ಯಾವುದು ನಿಮ್ಮದು ಎಂದೇ ಗೊತ್ತಾಗದಿದ್ದರೆ ಮುರಿಯಬೇಕಾದದ್ದನ್ನು ಮುರಿದಿಲ್ಲ. ಕಥೆ ಗೊತ್ತಿಲ್ಲದ ಒಬ್ಬರಿಗೆ ಮುಖಪುಟ ತೋರಿಸಿ, ‘ಚೆನ್ನಾಗಿದೆಯಾ’ ಎಂದು ಕೇಳದೆ ‘ಇದು ಎಂಥ ಪುಸ್ತಕ ಇರಬಹುದು’ ಎಂದು ಕೇಳಿ. ‘ದೆವ್ವದ್ದಾ?’ ಎಂದರೆ ಮೂಡ್ ದಾರಿ ತಪ್ಪಿದೆ.

ಅಭಿಪ್ರಾಯ ಬರೆಯುವಾಗ ಪರಿಹಾರ ಹೇಳದೆ ಸಮಸ್ಯೆ ಹೇಳಿ, ಬ್ರೀಫಿನ ಸಾಲನ್ನೇ ಹಿಡಿದು ಹೇಳಿ. ‘ಬಾಗಿಲನ್ನು ಎಡಕ್ಕೆ ಸರಿಸಿ, ಕೆಂಪು ಕಡಿಮೆ ಮಾಡಿ’ ಎನ್ನುವ ಬದಲು ‘ಬ್ರೀಫಿನಲ್ಲಿ ಕಸಿವಿಸಿ ಎಂದಿತ್ತು, ಇದು ಹೆದರಿಸುತ್ತಿದೆ, ಬಾಗಿಲ ಸಂದಿಯ ಕೆಂಪಿನಿಂದ ಹಾಗನ್ನಿಸುತ್ತಿದೆ’ ಎಂದು ಬರೆಯಿರಿ. ಒಂದು ಸುತ್ತಿನ ಎಲ್ಲ ಮಾತೂ ಒಂದೇ ಪತ್ರದಲ್ಲಿ ಹೋಗಲಿ.

ಅಂತಿಮ ಫೈಲ್ ಬಂದಾಗ ಶೀರ್ಷಿಕೆ, ಹೆಸರು, ಬೆನ್ನು, ಬೆನ್ನುಡಿಗಳನ್ನು ಅಕ್ಷರ ಅಕ್ಷರವಾಗಿ ನಿಮ್ಮ ಪಿಡಿಎಫ್ ಜೊತೆ ಹೋಲಿಸಿ. ಆಮೇಲೆ ಮುದ್ರಕರಿಂದ ಒಂದೇ ಒಂದು ಪ್ರತಿ ಅಚ್ಚು ಹಾಕಿಸಿ ತರಿಸಿ. ಬೆನ್ನಿನ ಅಕ್ಷರ ನಡುವೆ ಕೂತಿದೆಯಾ, ಮೆಟ್ಟಿಲಿನ ನೆರಳಿನಲ್ಲಿ ವಿವರ ಉಳಿದಿದೆಯಾ, ಬಾರ್‌ಕೋಡು ಫೋನಿನಲ್ಲಿ ಓದುತ್ತದೆಯಾ ಎಂದು ನೋಡಿ. ಮೂರೂ ಸರಿ ಇದ್ದರೆ ಉಳಿದ ಪ್ರತಿಗಳಿಗೆ ಒಪ್ಪಿಗೆ ಕೊಡಿ.